ಬೆಣ್ಣೆ ದೋಸೆಯ ಸಣ್ಣ ಕೆಫೆ: ರಾತ್ರಿ ಮುಚ್ಚುವಾಗ, ಬೆಳಿಗ್ಗೆ ತೆರೆಯುವಾಗ ಏನೇನು ನೋಡಬೇಕು

ದಾವಣಗೆರೆಯಲ್ಲಿ ಆರೆಂಟು ಮೇಜಿನ ಒಂದು ಕೆಫೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಬೆಣ್ಣೆ ದೋಸೆ ಶುರುವಾಗುತ್ತದೆ. ಸಂಜೆ ಮಂಡಕ್ಕಿ, ಮಿರ್ಚಿ. ಕಾಫಿ, ಚಹಾ ದಿನವಿಡೀ. ರಾತ್ರಿ ಒಂಬತ್ತಕ್ಕೆ ಶಟರ್ ಇಳಿಯುತ್ತದೆ. ಗಲ್ಲಾದಲ್ಲಿ ಮಾಲೀಕರು, ಕಾವಲಿಯ ಮುಂದೆ ದೋಸೆ ಹಾಕುವವರು, ಮೇಜು ಮತ್ತು ಪಾತ್ರೆಗೆ ಒಬ್ಬ ಸಹಾಯಕ. ಈ ಮೂವರೇ ಎಲ್ಲವನ್ನೂ ನೋಡಿಕೊಳ್ಳಬೇಕು. ಈ ಮಾರ್ಗದರ್ಶಿ ಅಂಥ ಅಂಗಡಿಗಾಗಿ. ಚಿತ್ರದುರ್ಗದ ಕೆಫೆಗೂ ಇದೇ ಕ್ರಮ ನಡೆಯುತ್ತದೆ.

ಮೊದಲು ಪಟ್ಟಿಯ ಸ್ವರೂಪ ಹೇಳಿಬಿಡುತ್ತೇನೆ. ಗೋಡೆಗೆ ಅಂಟಿಸಿದ, ಟಿಕ್ ಹಾಕುವ ಪಟ್ಟಿಯಲ್ಲಿ ನನಗೆ ನಂಬಿಕೆಯಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಎಲ್ಲ ಟಿಕ್‌ಗಳೂ ಒಂದೇ ನಿಮಿಷದಲ್ಲಿ, ಒಂದೇ ಪೆನ್ನಿನಲ್ಲಿ ಬೀಳತೊಡಗುತ್ತವೆ. ಅದರ ಬದಲು ಗೆರೆ ಹಾಕಿದ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಒಂದು ಪುಟ. ಮೇಲರ್ಧ ರಾತ್ರಿಯದು, ಕೆಳಗರ್ಧ ಮರುದಿನ ಬೆಳಗಿನದು. ಸಾಧ್ಯವಿರುವ ಕಡೆಯಲ್ಲೆಲ್ಲ ಟಿಕ್ ಬದಲು ಅಂಕಿ ಬರೆಯಿರಿ. ‘ಫ್ರಿಜ್ ನೋಡಿದೆ’ ಎಂದು ನೋಡದೆಯೂ ಬರೆಯಬಹುದು. ‘4 ಡಿಗ್ರಿ, 6.20’ ಎಂದು ಬರೆಯಲು ಥರ್ಮಾಮೀಟರ್ ಓದಲೇಬೇಕು.

ರಾತ್ರಿಯದನ್ನು ಮೇಲೆ ಇಟ್ಟಿರುವುದಕ್ಕೆ ಕಾರಣವಿದೆ. ಬೆಳಿಗ್ಗೆ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಹಿಂದಿನ ರಾತ್ರಿಯೇ ಹುಟ್ಟಿರುತ್ತವೆ: ಹುಳಿಯೇರಿದ ಹಿಟ್ಟು, ಚಿಲ್ಲರೆಯಿಲ್ಲದ ಗಲ್ಲಾ, ಮೊದಲ ದೋಸೆಗೇ ಖಾಲಿಯಾಗುವ ಸಿಲಿಂಡರ್. ಹಾಗಾಗಿ ಮುಚ್ಚುವ ಕೆಲಸದಿಂದಲೇ ಆರಂಭಿಸೋಣ.

ಎಂಟೂವರೆ: ಬಿಸಿ ಪದಾರ್ಥಗಳಿಗೆ ಮೊದಲ ಸರದಿ

ಮುಚ್ಚುವ ಕೆಲಸ ಒಂಬತ್ತಕ್ಕೆ ಶುರುವಾದರೆ ಹತ್ತೂವರೆಗೆ ಮುಗಿಯುತ್ತದೆ. ಎಂಟೂವರೆಗೆ ಶುರುವಾದರೆ ಒಂಬತ್ತೂವರೆಗೆ ಮನೆಗೆ ಹೋಗಬಹುದು. ಏಕೆಂದರೆ ಇಲ್ಲಿ ಸಮಯ ತಿನ್ನುವುದು ಕೈಕೆಲಸವಲ್ಲ, ಬಿಸಿ ಆರುವುದಕ್ಕಾಗಿ ಕಾಯುವುದು.

ಮೊದಲಿಗೆ ಏನು ಉಳಿಯುತ್ತದೆ, ಏನು ಹೊರಗೆ ಹೋಗುತ್ತದೆ ಎಂದು ತೀರ್ಮಾನಿಸಿ. ತೆಂಗಿನಕಾಯಿ ಚಟ್ನಿ ಮರುದಿನಕ್ಕೆ ಇಡುವ ಪದಾರ್ಥವಲ್ಲ. ಬಡಿಸಲು ಹೊರಗಿಟ್ಟ ಪಾತ್ರೆಯಲ್ಲಿ ಉಳಿದದ್ದನ್ನು ಆ ರಾತ್ರಿಯೇ ಚೆಲ್ಲಿ. ಆಲೂಗಡ್ಡೆ ಪಲ್ಯವೂ ಹಾಗೆಯೇ: ದಿನವಿಡೀ ಕಾವಲಿಯ ಪಕ್ಕದಲ್ಲಿ ಬೆಚ್ಚಗೆ ಕುಳಿತ ಪಲ್ಯ ಫ್ರಿಜ್‌ಗೆ ಹೋದ ಮಾತ್ರಕ್ಕೆ ಹೊಸದಾಗುವುದಿಲ್ಲ. ಬೇಯಿಸಿ ಸಿಪ್ಪೆ ಸುಲಿದ, ಒಗ್ಗರಣೆ ಹಾಕದ ಆಲೂಗಡ್ಡೆಯನ್ನು ಮಾತ್ರ ತಣ್ಣಗೆ ಮಾಡಿ ಇಡಬಹುದು.

ಕಾಯಿಸಿದ ಹಾಲು ಉಳಿದರೆ ಹಂಡೆಯ ಸಮೇತ ಫ್ರಿಜ್‌ಗೆ ತಳ್ಳಬೇಡಿ. ಐದಾರು ಲೀಟರಿನ ಆಳವಾದ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅದರ ಬಿಸಿಗೆ ಪಕ್ಕದ ಬೆಣ್ಣೆ, ಮೊಸರು ಕೂಡ ಬೆಚ್ಚಗಾಗುತ್ತವೆ. ಹಾಲನ್ನು ಎರಡು ಮೂರು ಅಗಲ ಪಾತ್ರೆಗಳಿಗೆ, ನಾಲ್ಕು ಬೆರಳಿಗಿಂತ ಹೆಚ್ಚು ಎತ್ತರವಿಲ್ಲದಂತೆ ಸುರಿಯಿರಿ. ಆ ಪಾತ್ರೆಗಳನ್ನು ತಣ್ಣೀರಿನ ತೊಟ್ಟಿಯಲ್ಲಿ ನಿಲ್ಲಿಸಿ ಆಗಾಗ ಸೌಟಿನಿಂದ ಕದಡಿ. ಬೇಸಿಗೆಯಲ್ಲಿ ನಲ್ಲಿಯ ನೀರೇ ಬೆಚ್ಚಗಿರುತ್ತದೆ, ಆಗ ತೊಟ್ಟಿಗೆ ಒಂದಿಷ್ಟು ಐಸ್ ಬೇಕು. ಎರಡು ಗಂಟೆಯೊಳಗೆ ತಣಿದು ಫ್ರಿಜ್ ಸೇರಬೇಕು. ಸೇರದೆ ಹೋದರೆ ನಾಳೆಯ ಕಾಫಿಗೆ ಅದನ್ನು ನಂಬಬೇಡಿ.

ಹಣ: ಕೊನೆಯ ಗಿರಾಕಿ ಎದ್ದ ಮೇಲೆ, ನೆಲ ಒರೆಸುವ ಮೊದಲು

ಹಣ ಎಣಿಸುವ ಹೊತ್ತು ಬಹಳ ಮುಖ್ಯ. ಗಿರಾಕಿ ಇರುವಾಗಲೇ ಎಣಿಸಿದರೆ ಲೆಕ್ಕ ಮಧ್ಯದಲ್ಲಿ ಕೆಡುತ್ತದೆ. ಎಲ್ಲ ತೊಳೆದು ಸುಸ್ತಾದ ಮೇಲೆ ಕುಳಿತರೆ ಹತ್ತರ ಕಟ್ಟಿನಲ್ಲಿ ಇಪ್ಪತ್ತು ಸೇರಿರುತ್ತದೆ. ಕೊನೆಯ ಮೇಜು ಹಣ ಕೊಟ್ಟ ಕೂಡಲೇ ಅರ್ಧ ಶಟರ್ ಇಳಿಸಿ ಎಣಿಸಿ.

ಲೆಕ್ಕದ ಸೂತ್ರ ಇಷ್ಟೇ: ಬೆಳಿಗ್ಗೆ ಗಲ್ಲಾದಲ್ಲಿ ಇಟ್ಟ ಚಿಲ್ಲರೆಗೆ ದಿನದ ನಗದು ವ್ಯಾಪಾರವನ್ನು ಕೂಡಿಸಿ, ಗಲ್ಲಾದಿಂದ ಕೊಟ್ಟ ಖರ್ಚನ್ನು ಕಳೆದರೆ ಬರುವ ಮೊತ್ತ ಪೆಟ್ಟಿಗೆಯಲ್ಲಿ ಇರಬೇಕು. ಒಂದು ದಿನದ ಲೆಕ್ಕವನ್ನು ಉದಾಹರಣೆಯಾಗಿ ಮಾಡಿ ನೋಡೋಣ.

ಬೆಳಗಿನ ಚಿಲ್ಲರೆ 1,500 ರೂಪಾಯಿ. ದಿನದ ಬಿಲ್‌ಗಳ ಮೊತ್ತ 11,840. ಮೊಬೈಲ್‌ನಲ್ಲಿ ಯುಪಿಐ ಮೂಲಕ ಬಂದದ್ದು 7,265. ಪಕ್ಕದ ಅಂಗಡಿಯವರ ಉದ್ರಿ 180. ಹಾಗಾದರೆ ನಗದು ವ್ಯಾಪಾರ 4,395 ಆಗಬೇಕು. ಗಲ್ಲಾದಿಂದ ಹಾಲಿನವರಿಗೆ 640, ತರಕಾರಿಗೆ 310, ಒಟ್ಟು 950 ಹೋಗಿದೆ. ಪೆಟ್ಟಿಗೆಯಲ್ಲಿ ಇರಬೇಕಾದದ್ದು 1,500 ಮತ್ತು 4,395 ಕೂಡಿ 950 ಕಳೆದರೆ, 4,945. ಎಣಿಸಿದಾಗ ಸಿಕ್ಕಿದ್ದು ಐದು ಸಾವಿರ ದಾಟಿ 5,105. ಅಂದರೆ 160 ರೂಪಾಯಿ ಹೆಚ್ಚು.

ಹೆಚ್ಚು ಬಂದಿದೆ ಎಂದು ಸುಮ್ಮನಾಗಬಾರದು. ಕಡಿಮೆ ಬಂದಾಗ ಹುಡುಕುವಷ್ಟೇ ಶ್ರದ್ಧೆಯಿಂದ ಹೆಚ್ಚು ಬಂದಾಗಲೂ ಹುಡುಕಬೇಕು. ಹೆಚ್ಚು ಬರುವುದಕ್ಕೆ ಸಾಮಾನ್ಯ ಕಾರಣ ಬಿಲ್ ಬರೆಯದೆ ಹಣ ಪಡೆದಿರುವುದು. ಬೆಳಗಿನ ನೂಕುನುಗ್ಗಲಿನಲ್ಲಿ ಇಬ್ಬರು ತಿಂದು, ನಿಂತಲ್ಲೇ ನಗದು ಕೊಟ್ಟು ಹೋಗಿರುತ್ತಾರೆ, ಬಿಲ್ ಪುಸ್ತಕದಲ್ಲಿ ಅವರು ಇರುವುದಿಲ್ಲ. ಇನ್ನೊಂದು ಕಾರಣ, ಉದ್ರಿಯವರು ಹಳೆಯ ಬಾಕಿ ತೀರಿಸಿದ್ದು. ಅದು ಆ ದಿನದ ವ್ಯಾಪಾರವಲ್ಲ, ಆದರೆ ಪೆಟ್ಟಿಗೆಗೆ ಬಿದ್ದಿದೆ. ಉದ್ರಿ ಪುಸ್ತಕ ತೆರೆದು ನೋಡಿದರೆ 160ರ ಮುಂದೆ ಗೆರೆ ಎಳೆದಿರುವುದು ಕಾಣಬಹುದು.

ಕಡಿಮೆ ಬಂದರೆ ಮೊದಲು ಯುಪಿಐ ಮೊತ್ತವನ್ನೇ ಮತ್ತೆ ನೋಡಿ. ಆ ಮೊತ್ತವನ್ನು ಎಂಟೂವರೆಗೆ ಬರೆದಿಟ್ಟು, ಆಮೇಲೆ ಕೊನೆಯ ಮೇಜಿನವರು ಫೋನಿನಲ್ಲಿ ಹಣ ಹಾಕಿದ್ದರೆ ಲೆಕ್ಕದ ಪ್ರಕಾರ ಅದು ನಗದಾಗಿ ಬರಬೇಕಿತ್ತು ಎಂದಾಗುತ್ತದೆ, ಪೆಟ್ಟಿಗೆ ಅಷ್ಟು ಕಡಿಮೆ ತೋರುತ್ತದೆ. ಎರಡನೆಯದು, ಚೀಟಿಯಿಲ್ಲದೆ ಕೊಟ್ಟ ಖರ್ಚು: ಕೊತ್ತಂಬರಿ ಸೊಪ್ಪು, ನೀರಿನ ಕ್ಯಾನ್, ಆಟೋ ಬಾಡಿಗೆ. ಗಲ್ಲಾದಿಂದ ಹತ್ತು ರೂಪಾಯಿ ಹೋದರೂ ಒಂದು ಚೀಟಿ ಒಳಗೆ ಬೀಳಬೇಕು ಎಂಬ ನಿಯಮವನ್ನು ಮಾಲೀಕರೂ ಪಾಲಿಸಬೇಕು. ಮಾಲೀಕರೇ ಮೊದಲು ಮುರಿಯುವ ನಿಯಮ ಇದು. ಮೂರನೆಯದು, ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ ಅಂಕಿ ತಿರುಗಿ ಬರೆದಿರುವ ಸಾಧ್ಯತೆ ಇದೆ: 310 ಅನ್ನು 130 ಎಂದು ಬರೆದರೆ ವ್ಯತ್ಯಾಸ 180 ಬರುತ್ತದೆ. ಇಷ್ಟು ಹುಡುಕಿದರೂ ಸಿಗದಿದ್ದರೆ ‘ಕಡಿಮೆ 20’ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ಜೇಬಿನಿಂದ ಹಾಕಿ ಸರಿಮಾಡಿದರೆ ಯಾವ ವಾರದ ದಿನ, ಯಾರ ಸರದಿಯಲ್ಲಿ ತಪ್ಪು ಮರುಕಳಿಸುತ್ತಿದೆ ಎಂಬುದು ಎಂದೂ ತಿಳಿಯುವುದಿಲ್ಲ.

ಇನ್ನು ನಾಳೆಯ ಚಿಲ್ಲರೆ. ರಾತ್ರಿಯೇ 1,500 ತೆಗೆದು ಪ್ರತ್ಯೇಕ ಚೀಲಕ್ಕೆ ಹಾಕಿ. ಅದರಲ್ಲಿ ನೂರರ ನೋಟು ನಾಲ್ಕು, ಐವತ್ತರದು ಎಂಟು, ಇಪ್ಪತ್ತರದು ಹದಿನೈದು, ಹತ್ತರದು ಇಪ್ಪತ್ತೈದು. ಉಳಿದ ನೂರೈವತ್ತು ಐದು, ಎರಡು, ಒಂದರ ನಾಣ್ಯಗಳಲ್ಲಿ. ಬೆಳಿಗ್ಗೆ ಮೊದಲ ಗಿರಾಕಿ ಒಂದು ಚಹಾ ಕುಡಿದು ಐನೂರು ಚಾಚಿದರೂ ಕೆಲಸ ನಿಲ್ಲಬಾರದು. ಉಳಿದ ಹಣ ಅಂಗಡಿಯಲ್ಲಿ ರಾತ್ರಿ ಕಳೆಯುವುದು ಬೇಡ. ಖಾಲಿ ಗಲ್ಲಾಪೆಟ್ಟಿಗೆಯನ್ನು ತೆರೆದೇ ಬಿಡಿ. ಕಳ್ಳ ಬಂದರೆ ಅದನ್ನು ಒಡೆಯುವ ನಷ್ಟವಾದರೂ ತಪ್ಪುತ್ತದೆ.

ತೊಳೆಯುವ ಕೆಲಸ

ಮೇಲಿನಿಂದ ಕೆಳಕ್ಕೆ, ಒಣಗಿದ್ದರಿಂದ ಒದ್ದೆಗೆ. ಇಷ್ಟು ನೆನಪಿದ್ದರೆ ಹೆಚ್ಚಿನದು ತಾನಾಗಿಯೇ ಕ್ರಮಕ್ಕೆ ಬರುತ್ತದೆ: ಮೊದಲು ಚಿಮಣಿಯ ಜಾಲರಿ ಮತ್ತು ಗೋಡೆಯ ಎಣ್ಣೆ, ಆಮೇಲೆ ಕಟ್ಟೆ, ಆಮೇಲೆ ಮೇಜು, ಕೊನೆಗೆ ನೆಲ.

ಎರಡು ವಸ್ತುಗಳಿಗೆ ಮಾತ್ರ ಬೇರೆ ಗಮನ ಬೇಕು. ಒಂದು ದೋಸೆ ಕಾವಲಿ. ಉರಿಯುವ ಕಾವಲಿಯ ಮೇಲೆ ತಣ್ಣೀರು ಸುರಿದರೆ ದಪ್ಪ ಕಬ್ಬಿಣವೂ ಬಾಗುತ್ತದೆ. ಒಮ್ಮೆ ನಡು ಉಬ್ಬಿದ ಕಾವಲಿಯಲ್ಲಿ ಬೆಣ್ಣೆ ಅಂಚಿಗೆ ಹರಿಯುತ್ತದೆ, ದೋಸೆ ನಡುವೆ ಸೀದು ಸುತ್ತಲೂ ಬಿಳಿಯಾಗಿ ಉಳಿಯುತ್ತದೆ. ಉರಿ ಆರಿಸಿ, ಬೆಚ್ಚಗಿರುವಾಗ ಚಪ್ಪಟೆ ಕೆರೆಯುವ ಸಟ್ಟುಗದಿಂದ ಕರಕಲನ್ನು ಕೆರೆದು ತೆಗೆಯಿರಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ. ಸೋಪು ಬೇಡ. ಇನ್ನೊಂದು ರುಬ್ಬುವ ಗ್ರೈಂಡರ್. ಪ್ಲಗ್ ಕಿತ್ತು, ರುಬ್ಬಿದ ಅರ್ಧ ಗಂಟೆಯೊಳಗೆ ಕಲ್ಲನ್ನು ಎತ್ತಿ ತೊಳೆಯಬೇಕು. ಕಲ್ಲಿನ ಅಡಿಯ ಗೂಟದ ಸುತ್ತ ಒಣಗಿ ಕುಳಿತ ಹಳೆಯ ಹಿಟ್ಟು ಹೊಸ ಹಿಟ್ಟನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹುಳಿ ಮಾಡುತ್ತದೆ. ‘ಏನು ಮಾಡಿದರೂ ಹಿಟ್ಟು ಬೇಗ ಹುಳಿಯಾಗುತ್ತಿದೆ’ ಎಂದಾದರೆ ಮೂಗನ್ನು ಅಲ್ಲಿಗೆ ಒಯ್ಯಿರಿ.

ಮೇಜು ಒರೆಸುವ ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಹರವಿ ಒಣಗಿಸಿ. ಕಸದ ಡಬ್ಬಿ ರಾತ್ರಿ ಒಳಗೆ ಉಳಿಯಬಾರದು. ಬಚ್ಚಲ ಕಿಂಡಿಗೆ ಜಾಲರಿ ಮುಚ್ಚಿ. ಜಿರಲೆ ಬರುವ ಮುಖ್ಯ ದಾರಿ ಅದು.

ನಾಳೆಯ ಹಿಟ್ಟು: ಗಡಿಯಾರವನ್ನು ಹಿಂದಕ್ಕೆ ಎಣಿಸಿ

ಬೆಣ್ಣೆ ದೋಸೆಯ ಅಂಗಡಿಯಲ್ಲಿ ಮರುದಿನದ ತಯಾರಿ ಎಂದರೆ ಬಹುಪಾಲು ಹಿಟ್ಟೇ. ದೋಸೆ ಅಕ್ಕಿ ನಾಲ್ಕು ಪಾಲು, ಉದ್ದಿನ ಬೇಳೆ ಒಂದು ಪಾಲು, ಮಂಡಕ್ಕಿ ಒಂದು ಪಾಲು, ಸ್ವಲ್ಪ ಮೆಂತ್ಯ ಎಂಬುದು ಪರಿಚಿತ ಅಳತೆ. ನಿಮ್ಮ ಅಳತೆ ಬೇರೆ ಇರಬಹುದು, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ನಾನು ಹೇಳುವುದು ಹೊತ್ತಿನ ವಿಷಯ.

ಬೆಳಿಗ್ಗೆ ಏಳಕ್ಕೆ ಹಿಟ್ಟು ಉಬ್ಬಿ ಸಿದ್ಧವಿರಬೇಕು. ಹದವಾದ ಹವೆಯಲ್ಲಿ ಅದಕ್ಕೆ ಎಂಟರಿಂದ ಹತ್ತು ಗಂಟೆ ಬೇಕು. ಅಂದರೆ ರಾತ್ರಿ ಒಂಬತ್ತರ ಸುಮಾರಿಗೆ ರುಬ್ಬಿ ಮುಗಿಯಬೇಕು. ಅಕ್ಕಿ, ಬೇಳೆ ನೆನೆಯಲು ನಾಲ್ಕೈದು ಗಂಟೆ ಬೇಕಾಗುವುದರಿಂದ ಸಂಜೆ ನಾಲ್ಕರ ಹೊತ್ತಿಗೆ ನೆನೆಹಾಕಿರಬೇಕು. ಮಂಡಕ್ಕಿಯನ್ನು ರುಬ್ಬುವ ಮೊದಲು ನೀರಿಗೆ ಹಾಕಿ ಹಿಂಡಿದರೆ ಸಾಕು.

ಈ ಲೆಕ್ಕ ವರ್ಷವಿಡೀ ನಡೆಯುವುದಿಲ್ಲ. ಏಪ್ರಿಲ್‌ನಲ್ಲಿ ಇಲ್ಲಿನ ರಾತ್ರಿಯೂ ಸೆಕೆಯೇ. ಶಟರ್ ಇಳಿಸಿದ ಅಡುಗೆಮನೆಯಲ್ಲಿ ಒಲೆಯ ಕಾವು ಬೇರೆ ಉಳಿದಿರುತ್ತದೆ. ಐದಾರು ಗಂಟೆಯಲ್ಲೇ ಹಿಟ್ಟು ಉಬ್ಬಿ, ಬೆಳಗಿನ ಹೊತ್ತಿಗೆ ನಡು ಕುಸಿದು ಹುಳಿಯಾಗಿರುತ್ತದೆ. ಆಗ ತಣ್ಣನೆಯ ನೀರು ಹಾಕಿ ರುಬ್ಬಬೇಕು, ಏಕೆಂದರೆ ಕಲ್ಲಿನ ತಿಕ್ಕಾಟಕ್ಕೇ ಹಿಟ್ಟು ಬೆಚ್ಚಗಾಗಿಬಿಡುತ್ತದೆ. ಉಪ್ಪನ್ನು ರಾತ್ರಿಯೇ ಹಾಕಿದರೆ ಹುದುಗು ತುಸು ನಿಧಾನವಾಗುತ್ತದೆ. ಒಟ್ಟು ಹಿಟ್ಟಿನಲ್ಲಿ ಮೊದಲ ಎರಡು ಗಂಟೆಯ ವ್ಯಾಪಾರಕ್ಕೆ ಬೇಕಾದಷ್ಟನ್ನು ಹೊರಗಿಟ್ಟು, ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಆರೂವರೆಗೆ ಹೊರತೆಗೆಯುವುದು ಇನ್ನೂ ಒಳ್ಳೆಯ ಉಪಾಯ. ಡಿಸೆಂಬರ್‌ನ ಚಳಿಯಲ್ಲಿ ಇದಕ್ಕೆ ತದ್ವಿರುದ್ಧ: ಮಧ್ಯಾಹ್ನವೇ ನೆನೆಹಾಕಿ, ಸಂಜೆ ಆರೇಳಕ್ಕೆ ಉಗುರುಬೆಚ್ಚನೆಯ ನೀರಿನಲ್ಲಿ ರುಬ್ಬಿ, ಪಾತ್ರೆಗೆ ಗೋಣಿಚೀಲ ಸುತ್ತಿ, ಉಪ್ಪನ್ನು ಬೆಳಿಗ್ಗೆ ಹಾಕಿ.

ಇಲ್ಲಿ ಬರೆಯಬೇಕಾದ ಅಂಕಿ ಹಿಟ್ಟಿನ ಎತ್ತರ. ಸ್ಟೀಲ್ ಡಬ್ಬಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸದೆ, ಒಂದು ಸ್ಟೀಲ್ ಅಳತೆಕಡ್ಡಿಯನ್ನು ನೇರವಾಗಿ ಇಳಿಸಿ ನೋಡಿ. ರಾತ್ರಿ ‘14 ಸೆಂ.ಮೀ., 9.10’ ಎಂದು ಬರೆದದ್ದು ಬೆಳಿಗ್ಗೆ ‘24 ಸೆಂ.ಮೀ., 6.20’ ಎಂದಾದರೆ ಹದವಾಗಿದೆ. ಬೆಳಿಗ್ಗೆ 19 ಇದ್ದು, ಡಬ್ಬಿಯ ಒಳಗೋಡೆಯಲ್ಲಿ 25ರವರೆಗೆ ಹಿಟ್ಟಿನ ಗುರುತು ಅಂಟಿದ್ದರೆ, ಅದು ಉಬ್ಬಿ ಇಳಿದಿದೆ. ಇಂದು ಒಂದು ಗಂಟೆ ತಡವಾಗಿ ರುಬ್ಬಿ. ಗುರುತೇ ಇಲ್ಲದೆ 17ರಲ್ಲಿ ನಿಂತಿದ್ದರೆ ಹುದುಗು ಸಾಲದು. ಒಂದು ತಿಂಗಳ ಪುಟಗಳನ್ನು ತಿರುವಿದರೆ ನಿಮ್ಮದೇ ಅಡುಗೆಮನೆಯ ಹವೆಯ ಪಂಚಾಂಗ ಕೈಗೆ ಬರುತ್ತದೆ.

ಚಟ್ನಿಗೆ ಕಾಯಿ ತುರಿಯುವುದು ರಾತ್ರಿ ಬೇಡ. ಕಾಯಿ ಎಷ್ಟಿವೆ ಎಂದು ಎಣಿಸಿಟ್ಟರೆ ಸಾಕು. ನಲ್ಲಿ ನೀರು ದಿನಾ ಬರದ ಬಡಾವಣೆಯಾದರೆ ತೊಟ್ಟಿಯ ಮಟ್ಟವನ್ನೂ ನೋಡಿ.

ಫ್ರಿಜ್

ಸಿದ್ಧವಾದ ಪದಾರ್ಥ ಮೇಲಿನ ಅಂಕಣದಲ್ಲಿ, ತೊಳೆಯದ ತರಕಾರಿ ಕೆಳಗೆ. ಎಲ್ಲಕ್ಕೂ ಮುಚ್ಚಳ ಬೇಕು, ಅದರಲ್ಲೂ ಬೆಣ್ಣೆಗೆ. ಉಪ್ಪಿಲ್ಲದ ಬೆಣ್ಣೆ ಈರುಳ್ಳಿಯ ವಾಸನೆಯನ್ನು ಒಂದೇ ರಾತ್ರಿಯಲ್ಲಿ ಹೀರಿಕೊಳ್ಳುತ್ತದೆ, ಆಮೇಲೆ ಆ ವಾಸನೆ ಬಿಡಿಸುವುದು ಸುಲಭವಲ್ಲ. ಗಾಳಿ ಓಡಾಡಲು ಪಾತ್ರೆಗಳ ನಡುವೆ ಎರಡು ಬೆರಳು ಜಾಗವಿರಲಿ.

ಹಾಲಿನ ಅಂಕಣದಲ್ಲಿ ಒಂದು ಲೋಟ ನೀರಿಟ್ಟು ಅದರಲ್ಲಿ ಥರ್ಮಾಮೀಟರ್ ನಿಲ್ಲಿಸಿ. ಬಾಗಿಲು ತೆಗೆದಾಗ ಗಾಳಿಯ ಉಷ್ಣತೆ ಕೂಡಲೇ ಏರುತ್ತದೆ, ನೀರಿನದು ಏರುವುದಿಲ್ಲ. ಹಾಗಾಗಿ ಹಾಲಿನ ನಿಜವಾದ ಸ್ಥಿತಿಯನ್ನು ಅದು ತೋರಿಸುತ್ತದೆ. 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ದಿನವೂ 7, 8 ಬರುತ್ತಿದ್ದರೆ ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಬಾಗಿಲಿನ ರಬ್ಬರ್ ನೋಡಿ: ಒಂದು ಕಾಗದವನ್ನು ಬಾಗಿಲಲ್ಲಿ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲಿ ತಂಪು ಸೋರುತ್ತಿದೆ.

ರಾತ್ರಿ ಕರೆಂಟ್ ಹೋಗಿ ಬಂದಿದ್ದರೆ ಬೆಳಿಗ್ಗೆ ಗೊತ್ತಾಗುವುದು ಹೇಗೆ? ಫ್ರೀಜರ್‌ನಲ್ಲಿ ಒಂದು ಬಟ್ಟಲು ನೀರನ್ನು ಗಟ್ಟಿಯಾಗಿಸಿ, ಐಸಿನ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ಬೆಳಿಗ್ಗೆ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ಐಸಿನೊಳಗೆ ಇಳಿದಿದ್ದರೆ ಫ್ರೀಜರ್ ಕೂಡ ಕರಗುವಷ್ಟು ಹೊತ್ತು ಕರೆಂಟ್ ಇರಲಿಲ್ಲ ಎಂದರ್ಥ. ಬಾಗಿಲು ತೆಗೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪನ್ನು ಹಿಡಿದಿಡುತ್ತದೆ. ಅದನ್ನು ಮೀರಿದ್ದರೆ ಹಾಲು, ಬೇಯಿಸಿದ ಆಲೂಗಡ್ಡೆ ಹೊರಗೆ ಹೋಗಬೇಕು. ವಾಸನೆ ನೋಡಿ ನಿರ್ಧರಿಸಬೇಡಿ, ಕಾಯಿಲೆ ತರುವ ಆಹಾರಕ್ಕೆ ಕೆಟ್ಟ ವಾಸನೆ ಇರಲೇಬೇಕೆಂದಿಲ್ಲ.

ಗ್ಯಾಸ್: ರಾತ್ರಿಯ ಕೊನೆಯದು, ಬೆಳಗಿನ ಮೊದಲನೆಯದು

ರಾತ್ರಿ ಒಂದು ಬರ್ನರ್ ಉರಿಯುತ್ತಿರುವಾಗಲೇ ಸಿಲಿಂಡರ್‌ನ ವಾಲ್ವ್ ಮುಚ್ಚಿ. ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಜ್ವಾಲೆ ತಾನಾಗಿ ಸಣ್ಣಗಾಗಿ ಆರುವವರೆಗೆ ಅಲ್ಲೇ ನಿಂತು ನೋಡಿ, ಆಮೇಲೆ ಒಲೆಯ ಗುಂಡಿ ತಿರುಗಿಸಿ. ಇದರಿಂದ ಎರಡು ಲಾಭ: ರಾತ್ರಿಯಿಡೀ ಪೈಪಿನಲ್ಲಿ ಗ್ಯಾಸ್ ನಿಂತಿರುವುದಿಲ್ಲ; ವಾಲ್ವ್ ಪೂರ್ತಿ ಮುಚ್ಚಿದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಐದು ನಿಮಿಷವಾದರೂ ಜ್ವಾಲೆ ಆರದಿದ್ದರೆ ವಾಲ್ವ್ ಸೋರುತ್ತಿದೆ. ಆ ಸಿಲಿಂಡರ್ ಅನ್ನು ಹಾಗೆಯೇ ಬಿಟ್ಟು ಮನೆಗೆ ಹೋಗಬೇಡಿ, ಏಜೆನ್ಸಿಗೆ ಫೋನ್ ಮಾಡಿ.

ವ್ಯಾಪಾರಕ್ಕೆ ಬಳಸಬೇಕಾದದ್ದು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್, ಮನೆಬಳಕೆಯ 14.2 ಕೆ.ಜಿ.ಯದಲ್ಲ. ಹೊಸದನ್ನು ಜೋಡಿಸಿದ ದಿನಾಂಕವನ್ನು ಚಾಕ್‌ಪೀಸಿನಿಂದ ಅದರ ಮೈಮೇಲೆಯೇ ಬರೆಯಿರಿ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗುವುದೊಂದೇ ನಂಬುವಂಥ ದಾರಿ: ತೂಕದಿಂದ ಸಿಲಿಂಡರ್ ಮೇಲೆ ಅಚ್ಚೊತ್ತಿದ ಖಾಲಿ ತೂಕವನ್ನು ಕಳೆಯಿರಿ. ಜೋಡಿಸುವಾಗಲೆಲ್ಲ ಕೂಡುವ ಜಾಗಕ್ಕೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ. ಬೆಂಕಿಕಡ್ಡಿ ಗೀರಿ ನೋಡುವುದು ಎಂದೂ ಬೇಡ.

ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಕೈ ಸ್ವಿಚ್ಚಿನ ಕಡೆಗೆ ಹೋಗುವುದು ಅಭ್ಯಾಸ. ಅದನ್ನು ಬಿಡಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ಹಾಗಾಗಿ ನಿಂತ ಎತ್ತರದಲ್ಲಿ ವಾಸನೆ ಬರದೆಯೂ ಇರಬಹುದು. ಬಾಗಿಲು, ಕಿಟಕಿ ತೆರೆದು, ಸಿಲಿಂಡರ್ ಇರುವ ಕಡೆ ಬಾಗಿ ಮೂಸಿ ನೋಡಿ. ವಾಸನೆ ಬಂದರೆ ಲೈಟ್, ಎಕ್ಸಾಸ್ಟ್ ಫ್ಯಾನ್ ಯಾವುದನ್ನೂ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ಎಲ್ಲರನ್ನೂ ಹೊರಗೆ ಕಳುಹಿಸಿ, ರಸ್ತೆಯಲ್ಲಿ ನಿಂತು 1906ಕ್ಕೆ ಕರೆ ಮಾಡಿ. ಅಡುಗೆ ಅನಿಲ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು. ಫ್ರಿಜ್‌ನ ಪಕ್ಕದಲ್ಲಿ ಸಿಲಿಂಡರ್ ಇಡಬಾರದು ಎನ್ನುವುದಕ್ಕೂ ಇದೇ ಕಾರಣ. ಯಾರೂ ಮುಟ್ಟದಿದ್ದರೂ ಫ್ರಿಜ್‌ನ ಮೋಟಾರು ತಾನಾಗಿ ಶುರುವಾಗುತ್ತದೆ, ಆ ಕಿಡಿ ಸಾಕು.

ಬೆಳಗಿನ ನಲವತ್ತು ನಿಮಿಷ

ವಾಸನೆಯಿಲ್ಲ ಎಂದಾದ ಮೇಲೆ ಉಳಿದದ್ದು ಸಲೀಸು. 6.20ಕ್ಕೆ ಫ್ರಿಜ್‌ನ ಅಂಕಿ ಮತ್ತು ಹಿಟ್ಟಿನ ಎತ್ತರ ಬರೆಯಿರಿ, ನಾಣ್ಯ ನೋಡಿ. 6.25ಕ್ಕೆ ವಾಲ್ವ್ ತೆರೆದು ಕಾವಲಿಯ ಒಲೆಯನ್ನು ಸಣ್ಣ ಉರಿಯಲ್ಲಿ ಹಚ್ಚಿ. ದಪ್ಪ ಕಾವಲಿ ಸಮನಾಗಿ ಕಾಯಲು ಇಪ್ಪತ್ತು ನಿಮಿಷವಾದರೂ ಬೇಕು. ಜ್ವಾಲೆ ನೀಲಿಯಾಗಿರಬೇಕು, ಹಳದಿ ಉರಿದು ಪಾತ್ರೆಯ ತಳ ಕಪ್ಪಾದರೆ ಬರ್ನರ್‌ನ ತೂತುಗಳಲ್ಲಿ ಹಿಟ್ಟೋ ಹಾಲೋ ಕಟ್ಟಿಕೊಂಡಿದೆ, ಆರಿಸಿ ತಣ್ಣಗಾದ ಮೇಲೆ ಪಿನ್ನಿನಿಂದ ಬಿಡಿಸಿ. ಕಾವಲಿ ಕಾಯುವಷ್ಟರಲ್ಲಿ ಆಲೂಗಡ್ಡೆ ಪಲ್ಯ, ಚಟ್ನಿ, ಡಿಕಾಕ್ಷನ್ ಆಗುತ್ತವೆ. 6.50ಕ್ಕೆ ಚಿಲ್ಲರೆ ಚೀಲವನ್ನು ಇನ್ನೊಬ್ಬರ ಎದುರು ಎಣಿಸಿ ಗಲ್ಲಾಕ್ಕೆ ಸುರಿಯಿರಿ. ಯುಪಿಐ ಧ್ವನಿಪೆಟ್ಟಿಗೆಗೆ ಚಾರ್ಜ್ ಇದೆಯೇ ನೋಡಿ, ಒಂದು ರೂಪಾಯಿ ಕಳಿಸಿ ಕೂಗುತ್ತದೆಯೇ ಕೇಳಿ. ಜೊತೆಗೆ ಕ್ಯೂಆರ್ ಚೀಟಿಯ ಮೇಲೆ ಬೇರೆ ಯಾರಾದರೂ ತಮ್ಮದನ್ನು ಅಂಟಿಸಿಲ್ಲ ಎಂಬುದೂ ಆ ಒಂದು ರೂಪಾಯಿಯಿಂದಲೇ ಖಾತ್ರಿಯಾಗುತ್ತದೆ.

ಒಂದು ದೋಸೆ ಹಾಕಿ ಕೆಲಸದವರೇ ಮೊದಲು ರುಚಿ ನೋಡಲಿ. ಹಿಟ್ಟು ಹುಳಿಯಾಗಿದ್ದರೆ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದ್ದರೆ ಸರಿಪಡಿಸಲು ಇನ್ನೂ ಹತ್ತು ನಿಮಿಷ ಇರುತ್ತದೆ. ಆಮೇಲೆ ಪುಟದ ಕೆಳಗೆ ತೆರೆದವರು ಸಹಿ ಹಾಕಲಿ. ರಾತ್ರಿ ಮುಚ್ಚಿದವರು ಬೇರೆಯವರಾಗಿದ್ದು, ಅವರ ಅಂಕಿಗೂ ಬೆಳಗಿನ ಸ್ಥಿತಿಗೂ ತಾಳೆಯಾಗದಿದ್ದರೆ ಅದೇ ಪುಟದಲ್ಲಿ ಒಂದು ಸಾಲು ಬರೆದು, ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಇಬ್ಬರೂ ಕುಳಿತು ನೋಡಲಿ.